ಆನೆಯ ಹಣೆಯ ಮೇಲೆ ತಲೆಬರಹ

ಕಳೆದ ಅಕ್ಟೋಬರಿನಲ್ಲಿ, ವನ್ಯಜೀವಿ ಸಪ್ತಾಹದ ದಿನಗಳಲ್ಲಿ, ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಒಂದು ಶಾಲೆಯ ಬ್ಯಾನರ್ ತೂಗುತ್ತಿತ್ತು. ಅಗಲ 10 ಅಡಿ, ಎತ್ತರ 4 ಅಡಿ. ಸಕ್ರೆಬೈಲಿನ ಆನೆಯೊಂದು ಬೆಳಗಿನ ತುಂಗೆಯಲ್ಲಿ ಮೀಯುವ ಚಿತ್ರ. ಕ್ಯಾಮೆರಾ ಹಿಡಿದು ತೆಗೆದದ್ದಲ್ಲ. ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಎರಡು ಸಾಲು ಟೈಪ್ ಮಾಡಿ ಎಐಯಿಂದ ಹುಟ್ಟಿಸಿದ್ದು. ಆನೆ ನಟ್ಟನಡುವೆ ನಿಂತು ಬ್ಯಾನರಿನ ಮುಕ್ಕಾಲು ಭಾಗ ತುಂಬಿತ್ತು. ‘ವನ್ಯಜೀವಿ ಸಪ್ತಾಹ’ ಎಂಬ ತಲೆಬರಹಕ್ಕೆ ಬೇರೆಲ್ಲೂ ಜಾಗ ಸಿಗದೆ ಅದನ್ನು ಆನೆಯ ಹಣೆಯ ಮೇಲೇ ಕೂರಿಸಿದ್ದರು. ಹಳದಿ ಅಕ್ಷರ, ಸುತ್ತ ಕೆಂಪು ಸ್ಟ್ರೋಕ್, ಅದರಾಚೆ ಬಿಳಿ ಗ್ಲೋ, ಕೆಳಗೆ ಕಪ್ಪು ನೆರಳು. ‘ನ್ಯ’ದ ಒತ್ತು ದಂತದೊಳಗೆ ಸೇರಿಹೋಗಿತ್ತು. ‘ಪ್ತಾ’ದ ಒತ್ತು ಸೊಂಡಿಲಿನ ಸುಕ್ಕುಗಳಲ್ಲಿ ಕಾಣೆಯಾಗಿತ್ತು. ಶಾಲೆಯ ಲಾಂಛನವನ್ನು ಅದರ ಬಿಳಿ ಚೌಕದ ಸಮೇತ ನೀರಿನ ಮೇಲೆ ಅಂಟಿಸಿದ್ದರು. ಹೊಳೆಯಲ್ಲಿ ತೇಲುವ ಥರ್ಮಾಕೋಲಿನ ತುಂಡಿನ ಹಾಗೆ ಅದು ಕಾಣುತ್ತಿತ್ತು. ಬಲಗಡೆಯ ದಡದಲ್ಲಿ ಯಾರೂ ಕೇಳದ ಒಂದು ಬಿಳಿ ಬೋರ್ಡು, ಅದರ ತುಂಬ ಕನ್ನಡವೂ ಅಲ್ಲದ, ತೆಲುಗೂ ಅಲ್ಲದ ಸುರುಳಿ ಗೀಟುಗಳು. ಅದು ಶಾಲೆಯ ಬ್ಯಾನರ್. ಅಕ್ಷರ ಕಲಿಸುವವರು ದುಡ್ಡು ಕೊಟ್ಟು ಕಟ್ಟಿಸಿದ ಬ್ಯಾನರ್. ಅದರ ಕೆಳಗೆ ನಾವೆಲ್ಲ ವಾರವಿಡೀ ಓಡಾಡಿದೆವು. ಒಬ್ಬರಿಗೂ ನಾಚಿಕೆಯಾಗಲಿಲ್ಲ.

ಗೊತ್ತಿಲ್ಲದೆ ಹೀಗಾಯಿತು ಎನ್ನುವ ಹಾಗಿಲ್ಲ. ನಮಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಅಪ್ಪಂದಿರ ಅಂಗಡಿಗಳಲ್ಲಿ ತೂಗುತ್ತಿದ್ದ ಶಿವಕಾಶಿಯ ಕ್ಯಾಲೆಂಡರ್ ನೆನಪು ಮಾಡಿಕೊಳ್ಳಿ. ಲಕ್ಷ್ಮಿಯೋ ಸರಸ್ವತಿಯೋ ಬಣ್ಣಬಣ್ಣದಲ್ಲಿ ಅಲ್ಲೇ ಅಚ್ಚಾಗಿ ಬರುತ್ತಿದ್ದಳು. ಚಿತ್ರದ ಪಕ್ಕಕ್ಕೋ ಕೆಳಕ್ಕೋ ಒಂದು ಪಟ್ಟಿ ಮಾತ್ರ ಖಾಲಿ. ಆ ಖಾಲಿಗೆ ನಮ್ಮೂರಿನ ಪ್ರೆಸ್ಸಿನವರು ಅಂಗಡಿಯ ಹೆಸರು, ಬೀದಿ, ಫೋನ್ ನಂಬರ್ ಒತ್ತಿ ಕೊಡುತ್ತಿದ್ದರು. ಚಿತ್ರ ಬರೆದವನಿಗೆ ಗಾಂಧಿ ಬಜಾರಿನ ಕಿರಾಣಿ ವ್ಯಾಪಾರಿ ಯಾರೆಂದು ಗೊತ್ತಿರಲಿಲ್ಲ. ಆದರೂ ಆ ವ್ಯಾಪಾರಿಯ ಹೆಸರಿಗೆಂದು ಅವನು ಜಾಗ ಬಿಟ್ಟಿದ್ದ. ಬೋರ್ಡು ಬರೆಯುವವರು ಬಣ್ಣದ ಡಬ್ಬಿ ಮುಚ್ಚಳ ತೆಗೆಯುವ ಮೊದಲು ಸೀಮೆಸುಣ್ಣ ಹಚ್ಚಿದ ದಾರ ಎಳೆದು ಹಿಡಿದು ಮಿಡಿಯುತ್ತಿದ್ದರು. ಅಕ್ಷರದ ಮೈಗೊಂದು ಗೆರೆ, ಒತ್ತಿಗೆ ಕೆಳಗೊಂದು ಗೆರೆ. ಅಳತೆ ಮೊದಲು, ಅಲಂಕಾರ ಆಮೇಲೆ. ಇನ್ನು ಭದ್ರಾವತಿಯ ಮಾತಂತೂ ಹೇಳುವುದೇ ಬೇಡ. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಹುಟ್ಟಿದ ಊರು ಅದು. ಬಿದಿರು, ನೀಲಗಿರಿ ಅರೆದು ಬೇಯಿಸಿ, ಬಿಳಿ ಮಾಡಿ, ಖಾಲಿ ಹಾಳೆಯನ್ನೇ ಸರಕಾಗಿ ಮಾರಿದ ಊರು. ಆ ಕಾಗದದ ಮೇಲೆ ಅಚ್ಚಾದ ಪತ್ರಿಕೆ, ಪುಸ್ತಕ ಓದಿ ಬೆಳೆದವರು ನಾವು. ಇವತ್ತು ಯಂತ್ರಗಳು ನಿಂತಿವೆ. ಖಾಲಿ ಜಾಗದ ಬೆಲೆಯನ್ನು ನಾವು ಆ ಕಾರ್ಖಾನೆಯ ಜೊತೆಗೇ ಮರೆತಂತಿದೆ.

ಈಗ ನಡೆಯುವುದೇನೆಂದು ನಿಮಗೂ ಗೊತ್ತು, ನನಗೂ ಗೊತ್ತು. ಗಿರಾಕಿ ಬಂದು ನಿಲ್ಲುತ್ತಾರೆ. ಫ್ಲೆಕ್ಸಿಗೆ ಚದರಡಿ ಲೆಕ್ಕದಲ್ಲಿ ಹಣ, ಹಾಗಾಗಿ ಖಾಲಿ ಬಿಟ್ಟ ಪ್ರತಿ ಚದರಡಿಯೂ ಅವರ ಕಣ್ಣಿಗೆ ದಂಡ. ಕಂಪ್ಯೂಟರಿನ ಮುಂದೆ ಕೂತ ಹುಡುಗನಿಗೆ ಅರ್ಧ ಗಂಟೆಯಲ್ಲಿ ಮುಗಿಸಿ ಮುಂದಿನ ಬರ್ತ್‌ಡೇ ಬ್ಯಾನರಿಗೆ ಹೋಗಬೇಕು. ತಲೆಬರಹ ಏನು, ಎಷ್ಟು ಸಾಲು, ಎಷ್ಟು ದೂರದಿಂದ ಓದಬೇಕು ಎಂದು ಅವನು ಕೇಳುವುದಿಲ್ಲ, ಇವರು ಹೇಳುವುದಿಲ್ಲ. ಮೊದಲು ಚಿತ್ರ ಬರಲಿ, ಅಕ್ಷರ ಆಮೇಲೆ ಎಲ್ಲಾದರೂ ಕೂರಿಸೋಣ ಎಂಬುದು ಇಬ್ಬರ ಒಪ್ಪಂದ. ಚಿತ್ರ ಬರುತ್ತದೆ, ಅಂಚಿನಿಂದ ಅಂಚಿನವರೆಗೆ ತುಂಬಿಕೊಂಡು. ಅಕ್ಷರ ಕಾಣದಿದ್ದರೆ ‘ಒಂದು ಸ್ಟ್ರೋಕ್ ಕೊಡು’ ಎನ್ನುತ್ತೇವೆ. ಸ್ಟ್ರೋಕ್ ಎಂಬುದು ನಮ್ಮ ಸೋಮಾರಿತನಕ್ಕೆ ಹಚ್ಚುವ ಸುಣ್ಣ. ಇಂಗ್ಲಿಷಿನ ದೊಡ್ಡಕ್ಷರಗಳು ಅದನ್ನು ಹೇಗೋ ತಾಳಿಕೊಳ್ಳುತ್ತವೆ; ಕನ್ನಡದವು ತಾಳುವುದಿಲ್ಲ. ನಮ್ಮ ಅಕ್ಷರಗಳ ಗುಣ ಇರುವುದೇ ಸುರುಳಿಗಳ ಒಳಗಿನ ಬಯಲಿನಲ್ಲಿ. ದಪ್ಪ ಸ್ಟ್ರೋಕ್ ಬಿದ್ದ ಕೂಡಲೇ ‘ಸ’ದ ಹೊಟ್ಟೆ ಮುಚ್ಚುತ್ತದೆ, ‘ಪ’ದ ಬಾಯಿ ಕಟ್ಟುತ್ತದೆ, ಅಕ್ಷರಕ್ಕೂ ಅದರ ಒತ್ತಿಗೂ ನಡುವಿನ ಕೂದಲೆಳೆಯಷ್ಟು ಸಂದು ಹೂತುಹೋಗುತ್ತದೆ. ಓದಲಾಗದ್ದನ್ನು ಓದಿಸಲೆಂದು ಕೊಟ್ಟ ಮದ್ದು ರೋಗಿಯನ್ನೇ ಕೊಲ್ಲುತ್ತದೆ. (2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಫ್ಲೆಕ್ಸು, ಬ್ಯಾನರುಗಳನ್ನು ಸರ್ಕಾರ ನಿಷೇಧಿಸಿತ್ತು ಎಂಬುದನ್ನೂ ನಾವು ಮರೆತಿದ್ದೇವೆ. ಆ ಬೈಗುಳ ಇನ್ನೊಂದು ದಿನಕ್ಕಿರಲಿ.)

ಕೇಳಿದರೆ, ‘ಎಐ ಜಾಗ ಬಿಡುವುದಿಲ್ಲ ಸಾರ್’ ಎಂಬ ಉತ್ತರ ಸಿದ್ಧವಿದೆ. ಆ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ತಿಳಿಯುವ ಗೋಜಿಗೆ ಹೋಗದವರ ಉತ್ತರ ಅದು. ಅಂತರ್ಜಾಲದಿಂದ ಬಾಚಿದ ಕೋಟ್ಯಂತರ ಚಿತ್ರಗಳನ್ನೂ ಅವುಗಳ ಜೊತೆಗಿದ್ದ ವಿವರಣೆಗಳನ್ನೂ ನೋಡಿ ಅದು ಕಲಿತಿದೆ. ಆ ಚಿತ್ರಗಳಲ್ಲಿ ಬಹುಪಾಲಿನಲ್ಲಿ ವಸ್ತು ನಡುವೆ ಇರುತ್ತದೆ. ವಿವರಣೆ ಬರೆದವರು ಇದ್ದದ್ದನ್ನು ಬರೆದಿದ್ದಾರೆಯೇ ಹೊರತು ಇಲ್ಲದ್ದನ್ನು ಬರೆದಿಲ್ಲ. ‘ಇಲ್ಲಿ ಏನೂ ಇಲ್ಲ’ ಎಂದು ಯಾವ ಫೋಟೊದ ಕೆಳಗೆ ಯಾರು ಬರೆಯುತ್ತಾರೆ? ಆದ್ದರಿಂದ ‘ಖಾಲಿ’ ಎಂಬ ಮಾತು ಅದರ ಕಿವಿಗೆ ದುರ್ಬಲ. ‘ಬರಹ’ ಎಂಬ ಮಾತು ಮಾತ್ರ ಬಲು ಗಟ್ಟಿ. ಬರಹಕ್ಕೆ ಜಾಗ ಬಿಡು ಎಂದರೆ ಅದು ಬರಹವನ್ನು ಹಿಡಿದುಕೊಳ್ಳುತ್ತದೆ, ಜಾಗವನ್ನು ಬಿಡುತ್ತದೆ. ದಡದಲ್ಲಿ ಮೂಡಿದ ಆ ಭೂತದ ಬೋರ್ಡು ಹುಟ್ಟಿದ್ದು ಹೀಗೆ: ಹುಡುಗ ಜಾಗ ಕೇಳಿದ್ದ, ಯಂತ್ರ ಬೋರ್ಡು ಕೊಟ್ಟಿತು. ಫೋಟೊ ಮಾರುವ ಕಂಪನಿಗಳು ತಮ್ಮ ಖಾಲಿ ಜಾಗದ ಚಿತ್ರಗಳಿಗೆ ‘ಕಾಪಿ ಸ್ಪೇಸ್’ ಎಂದು ಹೆಸರು ಹಚ್ಚುವ ರೂಢಿ ಇರುವುದರಿಂದ ಆ ಎರಡು ಪದ ಒಮ್ಮೊಮ್ಮೆ ಕೆಲಸ ಮಾಡುತ್ತವೆ, ಒಮ್ಮೊಮ್ಮೆ ಕೈಕೊಡುತ್ತವೆ. ಸ್ಟೇಬಲ್ ಡಿಫ್ಯೂಷನ್‌ನ ಹಳೆಯ ಆವೃತ್ತಿಗಳಿಗೆ ಇನ್ನೊಂದು ಊನವಿತ್ತು. ಅವನ್ನು ಪಳಗಿಸಿದ ಕ್ರಮದ ದೋಷದಿಂದ ಚಿತ್ರದ ಒಟ್ಟು ಬೆಳಕು ಯಾವಾಗಲೂ ನಡುಮಟ್ಟಕ್ಕೆ ಜಾರುತ್ತಿತ್ತು. ಅಪ್ಪಟ ಬಿಳಿಯನ್ನೋ ಅಪ್ಪಟ ಕಪ್ಪನ್ನೋ ಕೇಳಿದರೆ ಅವು ಬೂದು ಬಣ್ಣವನ್ನೋ ಗಿಜಿಗಿಜಿಯನ್ನೋ ಕೊಡುತ್ತಿದ್ದವು. ಇವೆಲ್ಲ ಕಾರಣಗಳು, ನೆಪಗಳಲ್ಲ. ಕತ್ತಿಗೆ ಹಿಡಿ ಯಾವ ಕಡೆಯೆಂದು ತಿಳಿಯದವನು ಕೈ ಕೊಯ್ದುಕೊಂಡು ಕಮ್ಮಾರನನ್ನು ಬೈದರೆ ಹೇಗೆ?

ಆ ಬ್ಯಾನರ್ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ಅಕ್ಷರ ಜೋಡಿಸಿ ಉಂಡವನು ನಾನು. ಎದ್ದು ಕೂತು ಅದೇ ಬ್ಯಾನರನ್ನು ಮೊದಲಿನಿಂದ ಮಾಡಿದೆ, ಯಾರೂ ಕೇಳದೆ. ಕಂಪ್ಯೂಟರ್ ಹಚ್ಚಲಿಲ್ಲ, ಹಳೆಯ ಮದುವೆ ಕಾಗದದ ಹಿಂಬದಿ ತೆಗೆದುಕೊಂಡೆ. 10 ಅಡಿ ಎಂದರೆ 120 ಇಂಚು, 4 ಅಡಿ ಎಂದರೆ 48. ಸುತ್ತ 2 ಇಂಚು ಮಡಚಿ ರಿಂಗ್ ಹೊಡೆಯುವುದಕ್ಕೆ ಹೋಗುತ್ತದೆ, ಎತ್ತರದಲ್ಲಿ ಉಳಿಯುವುದು 44. ರಸ್ತೆಯ ಆಚೆ ಬದಿಯಿಂದ, ಸುಮಾರು 60 ಅಡಿಯಿಂದ, ತಲೆಬರಹ ಸಲೀಸಾಗಿ ಕಾಣಬೇಕು. ಬೋರ್ಡು ಬರೆಯುವವರ ಲೆಕ್ಕದಲ್ಲಿ 10 ಅಡಿ ದೂರಕ್ಕೆ 1 ಇಂಚು ಅಕ್ಷರ, ಅಂದರೆ ಇಲ್ಲಿ 6 ಇಂಚು. ಇಂಗ್ಲಿಷಾಗಿದ್ದರೆ ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತು. ಕನ್ನಡದಲ್ಲಿ 6 ಇಂಚು ಎಂಬುದು ಅಕ್ಷರದ ಮೈ ಮಾತ್ರ. ‘ಜೀ’, ‘ವಿ’ಗಳ ಗುಡಿಸು ಮೇಲಕ್ಕೆ ಇನ್ನೊಂದಿಂಚು ಕೇಳುತ್ತದೆ. ‘ನ್ಯ’, ‘ಪ್ತಾ’ಗಳ ಒತ್ತು ಕೆಳಕ್ಕೆ 3 ಇಂಚನ್ನಾದರೂ ಕೇಳುತ್ತದೆ, ಯಕಾರದ ಒತ್ತು ಬಲಕ್ಕೂ ಚಾಚಿಕೊಳ್ಳುತ್ತದೆ. ಒಂದು ಸಾಲಿಗೆ 10 ಇಂಚು ಬಂತು. ‘ವನ್ಯಜೀವಿ’ ಒಂದು ಸಾಲು, ‘ಸಪ್ತಾಹ’ ಇನ್ನೊಂದು, ನಡುವೆ ಉಸಿರಾಡಲು ಸ್ವಲ್ಪ. ಒಟ್ಟು 24 ಇಂಚು ಎತ್ತರ. ಅಗಲ 40, ಎರಡೂ ಬದಿಗೆ ಒಂದೊಂದು ಅಕ್ಷರದಷ್ಟು ಬಿಟ್ಟರೆ 52. ಮೇಲೆ 8 ಇಂಚಿನ ಲಾಂಛನ, ಅದರ ಸುತ್ತ ಅದರ ಅರ್ಧದಷ್ಟು ಬಯಲು, ಕೆಳಗೆ ದಿನಾಂಕದ ಸಣ್ಣ ಸಾಲು. ಕೂಡಿಸಿ ನೋಡಿದರೆ ಉತ್ತರ ತಾನಾಗಿ ಎದ್ದು ನಿಂತಿತು: ಬ್ಯಾನರಿನ ಬಲ ಅರ್ಧ, ಮೇಲಿನಿಂದ ಕೆಳಗಿನವರೆಗೆ, ಪೂರ್ತಿ ಖಾಲಿ ಇರಬೇಕು. ಆನೆಗೆ ಉಳಿದದ್ದು ಎಡ ಅರ್ಧ. ಇಷ್ಟಕ್ಕೆ ಹಿಡಿದದ್ದು ಹತ್ತು ನಿಮಿಷ. ಆ ಹತ್ತು ನಿಮಿಷ ನಮ್ಮ ಊರಿನಲ್ಲಿ ಯಾರ ಹತ್ತಿರವೂ ಇಲ್ಲ.

ಆಮೇಲಷ್ಟೇ ಯಂತ್ರದ ಮುಂದೆ ಕೂತೆ. ಅಗಲ ಎತ್ತರಗಳ ಅನುಪಾತವನ್ನು ಮೊದಲೇ 5:2 ಎಂದು ಕಟ್ಟಿಹಾಕಿದೆ. ಚೌಕ ಚಿತ್ರ ಮಾಡಿ ಮೇಲೆ ಕೆಳಗೆ ಕತ್ತರಿಸಿದರೆ ಆನೆಯೂ ಹೋಗುತ್ತದೆ, ಬಯಲೂ ಹೋಗುತ್ತದೆ. ‘ಜಾಗ ಬಿಡು’ ಎಂಬ ಮಾತನ್ನು ಬಾಯಿತಪ್ಪಿಯೂ ಹೇಳಲಿಲ್ಲ. ಖಾಲಿ ಬೇಕಾದ ಕಡೆ ಏನಿದೆ ಎಂದು ಹೇಳಿದೆ: ಮಂಜು. ಸಕ್ರೆಬೈಲಿನ ಬೆಳಗನ್ನು ಕಂಡವರಿಗೆ ಅದು ಸುಳ್ಳಲ್ಲ. ಗಾಜನೂರಿನ ಹಿನ್ನೀರಿನ ಮೇಲೆ ಚಳಿಗಾಲದ ಮಂಜು ಕೂತಾಗ ಆಚೆ ದಡ ಕಾಣುವುದೇ ಇಲ್ಲ. ಬಯಲು ಎಂದರೆ ಏನೂ ಇಲ್ಲದ ಜಾಗವಲ್ಲ, ಸದ್ದು ಮಾಡದ ವಸ್ತು ಇರುವ ಜಾಗ. ಮಿಡ್‌ಜರ್ನಿಗೆ ನಾನು ಕೊಟ್ಟ ಸಾಲುಗಳು ಇಷ್ಟೇ:

```
one elephant bathing in a river at the far left,
filling only the left third; the rest is pale even
morning mist over still water, soft flat light
--ar 5:2 --no text, sign, birds, trees
```

ಎಡ ಅರ್ಧ ಸಾಕಾಗಿದ್ದರೂ ಎಡ ಮೂರನೇ ಒಂದು ಭಾಗ ಎಂದು ಕೇಳಿದ್ದು ಬೇಕೆಂದೇ. ಹೇಳಿದ ಗೆರೆಯನ್ನು ಯಂತ್ರ ಯಾವಾಗಲೂ ಒಂದಿಷ್ಟು ದಾಟುತ್ತದೆ. ಸೊಂಡಿಲು ಎರಚಿದ ನೀರು ಗೆರೆಯಾಚೆ ಹಾರುತ್ತದೆ. ಬೇಡದ್ದರ ಪಟ್ಟಿಯನ್ನು ವಾಕ್ಯದೊಳಗೆ ಬರೆಯದೆ `--no` ಎಂಬುದರ ಮುಂದೆ ಇಟ್ಟದ್ದೂ ಬೇಕೆಂದೇ. ವಾಕ್ಯದಲ್ಲಿ ‘ಹಕ್ಕಿ ಬೇಡ’ ಎಂದರೆ ಹಕ್ಕಿ ಬರುವ ಸಂಭವವೇ ಹೆಚ್ಚು. ಹೊರಗಿಡಬೇಕಾದ್ದಕ್ಕೆ ಬೇರೆ ಜಾಗ ಕೊಟ್ಟಿರುವ ಸಲಕರಣೆಗಳಲ್ಲಿ ಅದನ್ನೇ ಬಳಸಬೇಕು. ಎಂಟು ಚಿತ್ರ ಬಂದವು. ಐದರಲ್ಲಿ ಆನೆ ಮತ್ತೆ ನಡುವಿಗೆ ನಡೆದು ಬಂದಿತ್ತು. ಎರಡರಲ್ಲಿ ನೀರು, ಮಂಜು ಕೂಡುವ ಗೆರೆ ಕಡುವಾಗಿ, ಸರಿಯಾಗಿ ತಲೆಬರಹದ ಸೊಂಟದ ಮೇಲೆ ಹಾಯುತ್ತಿತ್ತು. ಒಂದು ಉಳಿಯಿತು.

ಆ ಒಂದನ್ನೂ ನಂಬಲಿಲ್ಲ. ಕಣ್ಣಿಗೆ ಖಾಲಿ ಕಂಡದ್ದು ಖಾಲಿಯೇ ಆಗಿರಬೇಕೆಂದಿಲ್ಲ. ಫೋಟೊಶಾಪಿನಲ್ಲಿ ಕರ್ವ್ಸ್ ಗೆರೆಯನ್ನು ಬಿರುಸಾಗಿ ಎಳೆದು ನೋಡಿದರೆ ಮಂಜಿನೊಳಗೆ ಅಡಗಿದ್ದದ್ದೆಲ್ಲ ಹೊರಬಿತ್ತು: ಬಲ ಮೇಲ್ಮೂಲೆಯಲ್ಲಿ ಮರದ ನೆರಳಿನಂಥ ಒಂದು ಕಲೆ, ನಡುವೆ ಬಟ್ಟೆಯ ನೇಯ್ಗೆಯಂಥ ಚೌಕುಳಿ. ಪರದೆಯಲ್ಲಿ ಕಾಣದ ಇಂಥ ಕೊಳೆ ಫ್ಲೆಕ್ಸಿನ ಮೇಲೆ ತಿಳಿಬಣ್ಣ ಅಚ್ಚಾದಾಗ ಎದ್ದು ಕಾಣುತ್ತದೆ. ಆ ಎರಡು ಕಡೆ ಮಂಜಿನದೇ ಬಣ್ಣವನ್ನು ಹರಡಿ ತುಂಬಿದೆ. ಪಟ್ಟೆ ಪಟ್ಟೆಯಾಗದಿರಲೆಂದು ಒಂದು ಚಿಟಿಕೆ ಕಾಳು, ಅಂದರೆ ನಾಯ್ಸ್, ಸೇರಿಸಿದೆ. ಬಳಿಕ ಚಿತ್ರವನ್ನು ಕಪ್ಪು ಬಿಳುಪು ಮಾಡಿ, ಹೆಬ್ಬೆರಳಿನ ಉಗುರಿನಷ್ಟು ಕಿರಿದಾಗಿಸಿ ನೋಡಿದೆ. ಬಣ್ಣ ಹೋದ ಮೇಲೂ ಅಕ್ಷರ ನಿಲ್ಲಬೇಕು. ಪರದೆಯ ಓದಿಗೆಂದು ಲೋಕವೆಲ್ಲ ಒಪ್ಪಿದ ಅಳತೆಯಲ್ಲಿ ದೊಡ್ಡ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅಂತರ ಕನಿಷ್ಠ 3ಕ್ಕೆ 1, ಸಣ್ಣ ಅಕ್ಷರಕ್ಕೆ 4.5ಕ್ಕೆ 1. ಅದನ್ನು ಸರಾಸರಿಯಲ್ಲಿ ಅಳೆದು ಸಮಾಧಾನ ಪಡುವುದು ನಮ್ಮ ಇನ್ನೊಂದು ಮೋಸ. ಗಾಢ ಅಕ್ಷರದ ಹಿಂದೆ ಅತಿ ಕಪ್ಪಾದ ಚುಕ್ಕೆ ಎಲ್ಲಿದೆಯೋ ಅಲ್ಲಿ ಅಳೆಯಬೇಕು. ‘ನ್ಯ’ದ ಒತ್ತು ಸರಾಸರಿಯ ಮೇಲೆ ಕೂರುವುದಿಲ್ಲ, ಆ ಚುಕ್ಕೆಯ ಮೇಲೆ ಕೂರುತ್ತದೆ.

ಗಾತ್ರದ ಮಾತನ್ನೂ ಹೇಳಿಬಿಡಬೇಕು. ಈ ಯಂತ್ರಗಳಲ್ಲಿ ಹಲವು ಒಮ್ಮೆಗೆ ಕೊಡುವುದು ಹತ್ತು ಲಕ್ಷದ ಆಸುಪಾಸಿನ ಪಿಕ್ಸೆಲ್. 5:2ರಲ್ಲಿ ಸುಮಾರು 1600 ಅಗಲ, 640 ಎತ್ತರ. ಅದನ್ನು 120 ಇಂಚಿಗೆ ಎಳೆದರೆ ಇಂಚಿಗೆ 13 ಪಿಕ್ಸೆಲ್ ಸಿಗುತ್ತದೆ. ನಾಲ್ಕು ಪಟ್ಟು ಹಿಗ್ಗಿಸುವ ಸಾಫ್ಟ್‌ವೇರ್ ಬಳಸಿದರೆ 53 ಆಗುತ್ತದೆ, ರಸ್ತೆಯ ಬ್ಯಾನರಿಗೆ ಸಾಕು. ಆದರೆ ಹಿಗ್ಗಿಸುವ ಸಾಫ್ಟ್‌ವೇರ್‌ಗೂ ಖಾಲಿ ಕಂಡರೆ ಆಗುವುದಿಲ್ಲ. ಆನೆಯ ಚರ್ಮಕ್ಕೆ ಸುಕ್ಕು ಸೇರಿಸುವ ಉತ್ಸಾಹದಲ್ಲೇ ಅದು ಮಂಜಿಗೂ ಗೆರೆ ಸೇರಿಸುತ್ತದೆ. ಹಾಗಾಗಿ ಹಿಗ್ಗಿಸಿದ ಮೇಲೆ ಮಂಜನ್ನು ಮತ್ತೊಮ್ಮೆ ಒರೆಸಬೇಕು, ಕೊನೆಗೆ ಅಕ್ಷರವನ್ನು ಅದರ ಮೇಲೆ ಬೇರೆಯಾಗಿ, ಕೊರೆದಂತೆ ಕೂರಿಸಬೇಕು. ತಲೆಬರಹವನ್ನು ಯಂತ್ರದಿಂದಲೇ ಬರೆಸುತ್ತೇನೆನ್ನುವವರಿಗೆ ದಡದ ಬೋರ್ಡಿನ ಆ ಸುರುಳಿಗಳೇ ಉತ್ತರ. ಒಳ್ಳೆಯ ಆನೆ ಸಿಕ್ಕಿ ಬಯಲು ಸಿಗದಿದ್ದರೂ ದಾರಿ ಇದೆ. ಫೋಟೊಶಾಪಿಗೆ 2023ರಲ್ಲಿ ಬಂದ `Generative Expand` ಅದಕ್ಕೆಂದೇ ಇದೆ. ಕ್ರಾಪ್ ಚೌಕಟ್ಟನ್ನು ಬಲಕ್ಕೆ ಎಳೆದು, ಪ್ರಾಂಪ್ಟ್ ಬರೆಯದೆ ಬಿಟ್ಟರೆ ಅದು ಅಂಚಿನಲ್ಲಿದ್ದದ್ದನ್ನೇ ಮುಂದುವರಿಸುತ್ತದೆ. ಅಂಚಿನಲ್ಲಿ ಮಂಜಿದ್ದರೆ ಮಂಜು, ಕೊಂಬೆಯಿದ್ದರೆ ಕೊಂಬೆ.

ಇದೇನು ಬ್ರಹ್ಮವಿದ್ಯೆಯೇ? ಅಲ್ಲ. ಆದರೂ ಮಾಡುವುದಿಲ್ಲ. ಮಾಡದಿದ್ದುದರ ಬೆಲೆಯನ್ನು ತೆರುತ್ತಿರುವವರು ನಾವಲ್ಲ ಎಂಬುದೇ ನಮ್ಮ ನೆಮ್ಮದಿಗೆ ಕಾರಣ. ದುರ್ಗಿಗುಡಿಯಲ್ಲಿ ಸ್ಕೂಟರಿನ ಮುಂದೆ ನಿಂತ ಐದು ವರ್ಷದ ಕೂಸು ಬೋರ್ಡುಗಳನ್ನು ಕೂಡಿಸಿ ಕೂಡಿಸಿ ಓದಲು ಕಲಿಯುತ್ತದೆ. ನಾವೆಲ್ಲ ಓದಲು ಕಲಿತದ್ದೂ ಹಾಗೆಯೇ, ಬಸ್ಸಿನ ಕಿಟಕಿಯಲ್ಲಿ, ಸುಣ್ಣದ ದಾರದ ಗೆರೆಯ ಮೇಲೆ ನಿಂತ ಅಕ್ಷರ ನೋಡಿ. ಇವತ್ತು ಆ ಕೂಸು ಒತ್ತು ಎಲ್ಲಿದೆಯೆಂದು ದಂತದ ಒಳಗೆ ಹುಡುಕಬೇಕು; ದಡದ ಬೋರ್ಡಿನ ಸುರುಳಿಗಳನ್ನು ನೋಡಿ ‘ಅಪ್ಪ, ಅದು ಯಾವ ಅಕ್ಷರ?’ ಎಂದು ಕೇಳಬೇಕು. ಅಪ್ಪ ಸಿಗ್ನಲ್ ಬಿಟ್ಟಿತೆಂದು ಗಾಡಿ ಎತ್ತುತ್ತಾನೆ. ನವೆಂಬರ್ 1 ಬಂದಾಗ ಅದೇ ಅಪ್ಪ ಹಳದಿ ಕೆಂಪು ಶಾಲು ಹೊದ್ದು ಕನ್ನಡದ ಅಳಿವು ಉಳಿವಿನ ಬಗ್ಗೆ ಭಾಷಣಕ್ಕೆ ಚಪ್ಪಾಳೆ ತಟ್ಟುತ್ತಾನೆ. ವೇದಿಕೆಯ ಹಿಂದಿನ ಫ್ಲೆಕ್ಸಿನಲ್ಲಿ ಭುವನೇಶ್ವರಿಯ ಕಿರೀಟದ ಮೇಲೆ ಕಾರ್ಯಕ್ರಮದ ಹೆಸರು, ಅವಳ ಮೊಣಕೈ ಮೇಲೆ ಪ್ರಾಯೋಜಕರ ಲೋಗೋ. ಬೇರೆ ಭಾಷೆಯವರು ಬೋರ್ಡಿನಲ್ಲಿ ಕನ್ನಡವನ್ನು ಚಿಕ್ಕದು ಮಾಡಿದರೆ ಬೀದಿಗಿಳಿಯುತ್ತೇವೆ. ನಾವೇ ಅದನ್ನು ಹೂತರೆ ‘ಅಡ್ಜಸ್ಟ್ ಮಾಡ್ಕೊಳ್ಳಿ’ ಎನ್ನುತ್ತೇವೆ.

ಇಷ್ಟು ಬೈಯಲು ನನಗೇನು ಹಕ್ಕು ಎಂದು ಕೇಳುವವರಿಗೆ ಒಂದು ಸಂಗತಿ ಹೇಳಿಬಿಡುತ್ತೇನೆ. ಆ ಮಂಜಿನ ಚಿತ್ರವನ್ನು ಫೋನಿನಲ್ಲಿಟ್ಟುಕೊಂಡು ಎಲ್ಲರಿಗೂ ತೋರಿಸುತ್ತ ತಿರುಗಿದೆ. ಡಿಸೆಂಬರಿನಲ್ಲಿ ಭದ್ರಾವತಿಯ ಒಂದು ಸಂಘದ ಕಾರ್ಯದರ್ಶಿಗಳು ಅದನ್ನು ನೋಡಿ ಮೆಚ್ಚಿ, ತಮ್ಮ ಪರಿಸರ ಕಾರ್ಯಕ್ರಮಕ್ಕೆ ಅದೇ ಬೇಕೆಂದರು. ತಲೆಬರಹ ಬದಲಿಸಿ, ಅವರ ಲಾಂಛನ ಇಟ್ಟು, ಪ್ರೂಫ್ ತೆಗೆದುಕೊಂಡು ಬಸ್ಸು ಹತ್ತಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಎಡಗಡೆ ಆನೆ, ಬಲಗಡೆ ಮಂಜು, ಮಂಜಿನಲ್ಲಿ ಕಡುಹಸಿರು ಅಕ್ಷರ.

‘ತುಂಬಾ ಚೆನ್ನಾಗಿದೆ ಮೇಷ್ಟ್ರೇ,’ ಎಂದರು. ‘ಆದ್ರೆ ಈ ಕಡೆ ಸುಮಾರು ಜಾಗ ಸುಮ್ನೆ ಉಳ್ದಿದೆಯಲ್ಲ. ನಮ್ಮ ಅಧ್ಯಕ್ಷರದ್ದು, ಉಪಾಧ್ಯಕ್ಷರದ್ದು, ದಾನಿಗಳಿಬ್ಬರದ್ದು ಫೋಟೊ ಕೂರಿಸಿಬಿಡಿ. ಪಾಪ, ದುಡ್ಡು ಕೊಟ್ಟಿದಾರೆ.’

ಒತ್ತಿನ ಲೆಕ್ಕ ಹೇಳಲು ಬಾಯಿ ತೆರೆದೆ. ಅವರು ಮೇಜಿನ ಖಾನೆಯಿಂದ ಚೆಕ್ ಪುಸ್ತಕ ತೆಗೆಯುತ್ತಿದ್ದರು. ಶಿವಮೊಗ್ಗದ ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು, ಸಂಘದ ಕಚೇರಿಯಲ್ಲೇ ಕಂಪ್ಯೂಟರಿತ್ತು. ನಾಲ್ಕೂ ಫೋಟೊಗಳನ್ನು ಮಂಜಿನಲ್ಲಿ ಕೂರಿಸಿದೆ. ತಲೆಬರಹವನ್ನು ಎಡಕ್ಕೆ, ಆನೆಯ ಬೆನ್ನ ಮೇಲಕ್ಕೆ ಸರಿಸಿದೆ. ಕಾಣಲಿಲ್ಲ. ಬಿಳಿ ಸ್ಟ್ರೋಕ್ ಕೊಟ್ಟೆ.